ಕೆರೆ ಕೆಲಸದ ಮೊದಲ ಸಭೆ, ಮೊದಲ ಹತ್ತು ನಿಮಿಷ

ನಮ್ಮ ಕಡೆ ಯಾವ ಕಾರ್ಯಕ್ರಮದ ಆಹ್ವಾನ ಪತ್ರಿಕೆ ತೆಗೆದು ನೋಡಿದರೂ ಕ್ರಮ ಒಂದೇ. ಪ್ರಾರ್ಥನೆ, ಸ್ವಾಗತ, ದೀಪ ಬೆಳಗುವುದು, ಪ್ರಾಸ್ತಾವಿಕ ನುಡಿ, ಗಣ್ಯರ ಮಾತು, ಅಧ್ಯಕ್ಷರ ಭಾಷಣ, ವಂದನಾರ್ಪಣೆ. ಸ್ವಾಗತಕ್ಕೆ ನಿಂತವರು ವೇದಿಕೆಯ ಮೇಲಿದ್ದವರ ಹೆಸರನ್ನು ಒಂದೊಂದಾಗಿ ಹೇಳುತ್ತಾರೆ, ಹೂಗುಚ್ಛ ಕೊಡಿಸುತ್ತಾರೆ, ಕೊನೆಗೆ ಊರಿನ ಸಮಸ್ತ ಜನರಿಗೂ ಸೇರಿಸಿ ಒಂದು ಸ್ವಾಗತ ಹೇಳಿ ಕೂರುತ್ತಾರೆ. ಎಲ್ಲರೂ ಯಾಕೆ ಸೇರಿದ್ದೇವೆ ಅನ್ನುವುದನ್ನು ಪ್ರಾಸ್ತಾವಿಕದಲ್ಲಿ ಇನ್ನೊಬ್ಬರು ಹೇಳುತ್ತಾರೆ. ಶಾಲೆಯ ವಾರ್ಷಿಕೋತ್ಸವಕ್ಕೆ ಇದು ಚೆನ್ನಾಗಿಯೇ ಹೊಂದುತ್ತದೆ. ಆದರೆ ಒಂದು ಕೆಲಸ ಶುರು ಮಾಡುವ ಮೊದಲ ಸಭೆಗೂ, ಕಂಪನಿಗಳಲ್ಲಿ ಕಿಕ್‌ಆಫ್ ಮೀಟಿಂಗ್ ಅಂತಾರಲ್ಲ ಅದಕ್ಕೂ, ಇದೇ ಕ್ರಮವನ್ನು ತಂದಿಟ್ಟರೆ ಆ ಕೆಲಸ ಮುಂದೆ ಎಲ್ಲೋ ಒಂದು ಕಡೆ ಕೆಡುತ್ತದೆ. ಇದನ್ನು ನಾನು ಬಹಳ ಸಲ ನೋಡಿದ್ದೇನೆ.

ನನ್ನ ಕೆಲಸ ಕೋಲಾರ, ಚಿಕ್ಕಬಳ್ಳಾಪುರ ಜಿಲ್ಲೆಗಳ ಊರುಗಳಲ್ಲಿ ಕೆರೆ ಹೂಳು ತೆಗೆಸುವುದು. ಯಂತ್ರದ ಖರ್ಚಿಗೆ ದುಡ್ಡು ಎಲ್ಲಿಂದಲೋ ಬಂದಿರುತ್ತದೆ. ಹೂಳನ್ನು ಹೊಲಕ್ಕೆ ಸಾಗಿಸುವ ಟ್ರ್ಯಾಕ್ಟರ್ ಖರ್ಚು ರೈತರದು. ಶಿವರಾತ್ರಿ ಕಳೆದು ಕೆರೆ ಒಣಗಿದ ಮೇಲೆ ಶುರು ಮಾಡಿ, ಮಳೆ ಹಿಡಿಯುವ ಮೊದಲು ಮುಗಿಸಬೇಕು. ಯಂತ್ರ ಬರುವ ಮೊದಲು ಊರಿನಲ್ಲಿ ಒಂದು ಸಭೆ ಆಗುತ್ತದೆ. ರೈತರು, ಪಂಚಾಯ್ತಿ ಸದಸ್ಯರು, ಪಿಡಿಒ, ಎಂಜಿನಿಯರು, ಯಂತ್ರದ ಗುತ್ತಿಗೆದಾರ, ಮೀನು ಹರಾಜು ಹಿಡಿದವರು, ಕುರಿ ಮೇಯಿಸುವವರು, ಸ್ವಸಹಾಯ ಸಂಘದ ಹೆಂಗಸರು, ಎಲ್ಲರೂ ಅವತ್ತು ಒಂದೇ ಕಡೆ ಸಿಗುತ್ತಾರೆ. ಇವರೆಲ್ಲರೂ ಒಟ್ಟಿಗೆ ಕೂತು ಕೇಳಿಸಿಕೊಳ್ಳುವುದು ಮೊದಲ ಹತ್ತು ನಿಮಿಷ ಮಾತ್ರ. ಆಮೇಲೆ ಒಬ್ಬರಿಗೆ ಫೋನ್ ಬರುತ್ತದೆ, ಇನ್ನೊಬ್ಬರಿಗೆ ಹಸುವಿನ ನೆನಪಾಗುತ್ತದೆ. ಆ ಹತ್ತು ನಿಮಿಷವನ್ನು ಹೆಸರು ಹೇಳುವುದಕ್ಕೇ ಖರ್ಚು ಮಾಡಬಾರದು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

"ಕೆರೆ ಪೂರ್ತಿ ತೆಗೀತಾರಂತೆ"

ನಾನು ಈ ಕೆಲಸಕ್ಕೆ ಹೊಸದಾಗಿ ಸೇರಿದ್ದಾಗಿನ ಒಂದು ಸಭೆ ನೆನಪಿದೆ. ದೇವಸ್ಥಾನದ ಮುಂದೆ ಶಾಮಿಯಾನ, ಮೈಕು, ಸಾಲಾಗಿ ಕುರ್ಚಿ. ನಾನು ಹಾಜರಾತಿ ಪುಸ್ತಕ ಹಿಡಿದುಕೊಂಡು ಹಿಂದೆ ನಿಂತಿದ್ದೆ. ಸ್ವಾಗತ ಮಾಡಿದವರು ಒಳ್ಳೆಯ ಮಾತುಗಾರರು. ಪ್ರತಿ ಹೆಸರಿಗೂ ಎರಡೆರಡು ವಿಶೇಷಣ ಹಚ್ಚಿದರು. ಆಮೇಲೆ ಬಂದ ಗಣ್ಯರಲ್ಲಿ ಒಬ್ಬರು ಕೆರೆಗಳ ಹಿರಿಮೆಯ ಬಗ್ಗೆ ಮಾತಾಡಿದರು, ಇನ್ನೊಬ್ಬರು "ನಿಮ್ಮ ಕೆರೆಯ ಹೂಳೆತ್ತಿ ಮೊದಲಿನಂತೆ ಮಾಡುತ್ತೇವೆ" ಅಂದರು. ಚಪ್ಪಾಳೆ ಬಿತ್ತು. ನನ್ನ ಪಕ್ಕದಲ್ಲಿ ಕಂಬಕ್ಕೆ ಒರಗಿ ನಿಂತಿದ್ದ ಹಿರಿಯರೊಬ್ಬರು ಪಕ್ಕದವರಿಗೆ, "ಕೆರೆ ಪೂರ್ತಿ ತೆಗೀತಾರಂತೆ ಕಣಪ್ಪ" ಅಂದದ್ದು ಕೇಳಿಸಿತು. ವಂದನಾರ್ಪಣೆ ಆಯಿತು, ಮಂಡಕ್ಕಿ ಟೀ ಹಂಚಿದರು, ಸಭೆ ಮುಗಿಯಿತು.

ಕೆಲಸ ಶುರುವಾಗಿ ಎರಡನೇ ವಾರಕ್ಕೆ ಊರಿನವರು ಟ್ರ್ಯಾಕ್ಟರುಗಳಿಗೆ ಅಡ್ಡ ನಿಂತರು. ಒಂದು ಮೂಲೆಯಲ್ಲಿ ಮಾತ್ರ ತೋಡುತ್ತಿದ್ದೀರಿ, ಕೆರೆ ಪೂರ್ತಿ ಅಂದಿದ್ದಿರಿ, ಮಿಕ್ಕ ದುಡ್ಡು ಯಾರು ತಿಂದರು ಅನ್ನುವುದು ಅವರ ಪ್ರಶ್ನೆ. ಯಾರೂ ಒಂದು ಪೈಸೆ ತಿಂದಿರಲಿಲ್ಲ. ಲೆಕ್ಕವನ್ನು ಮೊದಲೇ ಯಾರೂ ಹೇಳಿರಲಿಲ್ಲ, ಅಷ್ಟೆ. ಆ ಲೆಕ್ಕ ಏನು ಅಂತ ಒಂದು ಸಲ ಮಾಡಿಯೇ ನೋಡೋಣ, ಯಾಕೆಂದರೆ ನನ್ನ ಪ್ರಕಾರ ಸ್ವಾಗತ ಭಾಷಣದ ತಿರುಳು ಇಲ್ಲಿದೆ.

ಕೆರೆಯ ಅಂಗಳ 40 ಎಕರೆ ಅಂದುಕೊಳ್ಳಿ. ಒಂದು ಎಕರೆಗೆ 43,560 ಚದರ ಅಡಿ. ಅಲ್ಲಿಗೆ ಇಡೀ ಅಂಗಳದಿಂದ ಒಂದೇ ಒಂದು ಅಡಿ ಹೂಳು ತೆಗೆಯಬೇಕಾದರೂ ಸುಮಾರು ಹದಿನೇಳೂವರೆ ಲಕ್ಷ ಘನ ಅಡಿ ಮಣ್ಣು ಎತ್ತಬೇಕು. ಒಂದು ಟ್ರ್ಯಾಕ್ಟರ್ ಟ್ರೈಲರಿಗೆ ಸುಮಾರು 100 ಘನ ಅಡಿ ಹಿಡಿಯುತ್ತದೆ, ಮರಳಿನವರು ಒಂದು ಯೂನಿಟ್ ಅನ್ನುವುದು ಅಷ್ಟನ್ನೇ. ಅಂದರೆ ಹದಿನೇಳು ಸಾವಿರಕ್ಕೂ ಜಾಸ್ತಿ ಲೋಡು. ನಮ್ಮ ಹತ್ತಿರ ಇರುವುದು ಒಂದು ಹಿಟಾಚಿ, ಎರಡು ತಿಂಗಳು. ದಿನಕ್ಕೆ 150 ಲೋಡು ತುಂಬಿಸಿದರೂ 60 ದಿನಕ್ಕೆ 9,000 ಲೋಡು. ಇದನ್ನು ಇಡೀ ಕೆರೆಗೆ ಹರಡಿದರೆ ಆರು ಅಂಗುಲ ಕೆರೆದಂತೆ ಆಗುತ್ತದೆ, ಒಂದು ಮಳೆಗಾಲದ ಮೇಲೆ ಎಲ್ಲಿ ತೆಗೆದೆವು ಅಂತ ಗೊತ್ತೂ ಆಗುವುದಿಲ್ಲ. ಅದೇ 9,000 ಲೋಡನ್ನು ಮೂರು ಅಡಿ ಆಳಕ್ಕೆ ತೆಗೆದರೆ ಏಳು ಎಕರೆಗೆ ಹತ್ತಿರ ಬರುತ್ತದೆ. ಆ ಏಳು ಎಕರೆಯಲ್ಲಿ ನೀರು ಜಾಸ್ತಿ ದಿನ ನಿಲ್ಲುತ್ತದೆ, ದನಕ್ಕೆ ಸಿಗುತ್ತದೆ, ಮೀನು ಉಳಿಯುತ್ತದೆ.

ಹಾಗಾಗಿ ಸಭೆಯ ಉದ್ದೇಶ ಒಂದೇ ವಾಕ್ಯದಲ್ಲಿ ಬರೆಯಬಹುದು: 40 ಎಕರೆಯಲ್ಲಿ ಯಾವ ಏಳು ಎಕರೆ ಅಂತ ಇವತ್ತು ನೀವು ಆರಿಸಬೇಕು. ಇದನ್ನು ಮೊದಲ ಎರಡು ನಿಮಿಷದಲ್ಲಿ ಹೇಳಿಬಿಟ್ಟರೆ ಕೂತವರ ಮುಖವೇ ಬದಲಾಗುತ್ತದೆ. ಭಾಷಣ ಕೇಳಲು ಬಂದವರು ಯೋಚನೆ ಮಾಡಲು ಶುರು ಮಾಡುತ್ತಾರೆ. "ಕೆರೆ ಉಳಿಸೋಣ, ನಾಡು ಬೆಳೆಸೋಣ" ಅಂದರೆ ತಲೆ ಆಡಿಸುತ್ತಾರೆ, ಅಷ್ಟೇ.

ಏನು ಮಾಡುವುದಿಲ್ಲ ಅನ್ನುವುದನ್ನೂ ಆಗಲೇ ಹೇಳಬೇಕು. ನಮ್ಮ ಕೆಲಸದಲ್ಲಿ ಇಂಥವು ಮೂರು ಇವೆ. ಏರಿಯ ಬುಡಕ್ಕೆ ಯಂತ್ರ ಹೋಗುವುದಿಲ್ಲ. ಅಲ್ಲಿನ ಹೂಳು ಕಪ್ಪಗೆ ಚೆನ್ನಾಗಿರುತ್ತದೆ, ಎಲ್ಲರಿಗೂ ಅದೇ ಬೇಕು. ಆದರೆ ಬುಡ ತೋಡಿದರೆ ಏರಿಗೆ ಆಸರೆ ತಪ್ಪುತ್ತದೆ, ನೀರು ತುಂಬಿದಾಗ ಹೊರಮೈಯಲ್ಲಿ ಜಿನುಗಲು ಶುರುವಾಗುತ್ತದೆ. ಎರಡನೆಯದು, ಹೂಳು ಮುಗಿದು ಕೆಳಗಿನ ಗಟ್ಟಿ ಮಣ್ಣೋ ಮರಳೋ ಕಂಡ ಕಡೆ ನಿಲ್ಲಿಸುತ್ತೇವೆ, ಮರಳು ತೆಗೆಯುವುದು ಈ ಕೆಲಸ ಅಲ್ಲ. ಮೂರನೆಯದು ಒತ್ತುವರಿ. ಅದನ್ನು ತೆರವು ಮಾಡಿಸುವುದು ತಹಶೀಲ್ದಾರರ ಕಡೆಯ ಕೆಲಸ. ನಮಗಾಗಲಿ ಊರಿನವರಿಗಾಗಲಿ ಆ ಅಧಿಕಾರ ಇಲ್ಲ. ಇದನ್ನು ಬಾಯಿಬಿಟ್ಟು ಹೇಳದೆ ಇದ್ದರೆ ಕೆರೆಯಂಚಿನಲ್ಲಿ ನಾಲ್ಕು ಗುಂಟೆ ಸೇರಿಸಿಕೊಂಡವರು ಇಡೀ ಸಭೆಯಲ್ಲಿ ಹೆದರಿಕೊಂಡೇ ಕೂತಿರುತ್ತಾರೆ. ಕೆಲಸ ನಿಲ್ಲಿಸುವುದೇ ಕ್ಷೇಮ ಅಂತ ಅವರಿಗೆ ಅನ್ನಿಸಿರುತ್ತದೆ.

ಕೆರೆ ಯಾರದು ಅನ್ನುವುದನ್ನೂ ಒಂದು ಮಾತಿನಲ್ಲಿ ಸೇರಿಸುತ್ತೇನೆ. ನಮ್ಮ ರಾಜ್ಯದಲ್ಲಿ 40 ಹೆಕ್ಟೇರಿಗಿಂತ ಕಡಿಮೆ ಅಚ್ಚುಕಟ್ಟಿನ ಕೆರೆಗಳು ಪಂಚಾಯ್ತಿ ವ್ಯವಸ್ಥೆಯ ಕೆಳಗೆ ಬರುತ್ತವೆ, ಅದಕ್ಕಿಂತ ದೊಡ್ಡವು ಸಣ್ಣ ನೀರಾವರಿ ಇಲಾಖೆಗೆ. ಯಾರ ಅನುಮತಿ ಪತ್ರ ಬಂದಿದೆ, ಅದರಲ್ಲಿ ಎಷ್ಟರವರೆಗೆ ಬರೆದಿದೆ ಅಂತ ಪತ್ರವನ್ನು ಕೈಯಲ್ಲಿ ಹಿಡಿದೇ ಹೇಳಬೇಕು. ಪತ್ರ ನೋಡಿದ ಮೇಲೆ "ನಿಮಗೆ ಯಾರು ಹೇಳಿದ್ರು ಇಲ್ಲಿ ಬರೋಕೆ" ಅನ್ನುವ ಪ್ರಶ್ನೆ ಕಡಿಮೆಯಾಗುತ್ತದೆ.

ಯಾವುದು ಮೊದಲು, ಯಾವುದು ಕೊನೆಗೆ

ಅಜೆಂಡಾ ಓದುವುದನ್ನು ಸುಮಾರು ಜನ ಕಾಟಾಚಾರಕ್ಕೆ ಮಾಡುತ್ತಾರೆ. ಆದರೆ ವಿಷಯಗಳ ಸರದಿ ಹೇಗಿದೆ ಅನ್ನುವುದರ ಮೇಲೆ ಯಾರ ಬಾಯಿ ತೆರೆಯುತ್ತದೆ, ಯಾರದು ಮುಚ್ಚುತ್ತದೆ ಅನ್ನುವುದು ನಿಂತಿರುತ್ತದೆ. ನಾನು ಈಗ ಇಟ್ಟುಕೊಳ್ಳುವ ಸರದಿ ಹೀಗಿದೆ: ಮೊದಲು ಕೆರೆಗೆ ನೀರು ಎಲ್ಲಿಂದ ಬರುತ್ತದೆ, ಎಲ್ಲಿ ನಿಲ್ಲುತ್ತದೆ. ಆಮೇಲೆ ಎಲ್ಲಿ ತೋಡುವುದು. ಆಮೇಲೆ ಹೂಳು ಯಾರಿಗೆ, ಯಾವ ಸರದಿಯಲ್ಲಿ. ನಾಲ್ಕನೆಯದು ಸಮಿತಿ ಮತ್ತು ದುಡ್ಡಿನ ಲೆಕ್ಕ. ಕೊನೆಗೆ ಸರ್ವೆ ಮತ್ತು ಒತ್ತುವರಿಗೆ ಅರ್ಜಿ ಕೊಡುವ ವಿಷಯ.

ಸಮಿತಿ ಆಯ್ಕೆಯನ್ನು ಮೊದಲಿಗೇ ಇಟ್ಟರೆ ಏನಾಗುತ್ತದೆ? ಎರಡು ಪಾರ್ಟಿಯವರು ಅದಕ್ಕೇ ಸಿದ್ಧವಾಗಿ ಬಂದಿರುತ್ತಾರೆ. ಆಯ್ಕೆ ಮುಗಿದ ಕೂಡಲೇ ಸೋತವರು ಎದ್ದು ಹೋಗುತ್ತಾರೆ, ಜೊತೆಗೆ ಅವರ ಬೀದಿಯೂ ಹೋಗುತ್ತದೆ. ಇನ್ನು ಎಲ್ಲಿ ತೋಡಬೇಕು ಅನ್ನುವುದನ್ನು ಉಳಿದ ಅರ್ಧ ಊರು ತೀರ್ಮಾನಿಸಬೇಕು. ಹಾಗಂತ ಲೆಕ್ಕದ ವಿಷಯ ತೀರಾ ಕೊನೆಗೆ ಇಡುವುದೂ ತಪ್ಪು. ಆ ಹೊತ್ತಿಗೆ ಜನ ಚದುರಿರುತ್ತಾರೆ, ನಾಲ್ಕೈದು ಜನರ ಮುಂದೆ ದುಡ್ಡಿನ ತೀರ್ಮಾನ ಆದರೆ ಅದಕ್ಕೆ ಬೆಲೆ ಇರುವುದಿಲ್ಲ. ಅದಕ್ಕೇ ನಾಲ್ಕನೇ ಜಾಗ.

ನೀರಿನ ದಾರಿಯನ್ನು ಮೊದಲು ಇಡುವುದಕ್ಕೆ ಬೇರೆ ಕಾರಣ ಇದೆ. ಅದರ ಬಗ್ಗೆ ಊರಿನಲ್ಲಿ ಜಾಸ್ತಿ ಗೊತ್ತಿರುವವರು ಕೆರೆಯ ನೀರು ಬಿಡುವ ನೀರುಗಂಟಿ, ಕುರಿ ಮೇಯಿಸುವವರು, ಮೀನು ಹಿಡಿಯುವವರು. ಸಭೆಯಲ್ಲಿ ಇವರನ್ನು ಸಾಮಾನ್ಯವಾಗಿ ಯಾರೂ ಮಾತಾಡಿಸುವುದಿಲ್ಲ. ಹಿಂದಿನ ವರ್ಷ ಒಂದು ಊರಿನಲ್ಲಿ ಎಂಜಿನಿಯರು ನಕ್ಷೆ ಹರಡಿ, ತೂಬಿನ ಎಡಗಡೆ ತೋಡಿದರೆ ಒಳ್ಳೆಯದು ಅಂದರು. ನಾನು ನೀರುಗಂಟಿ ಮನೆತನದ ಒಬ್ಬ ಹಿರಿಯರನ್ನು ಕರೆದು, "ತಾತ, ಕೆರೆ ಬತ್ತುವಾಗ ಕೊನೆಗೆ ನೀರು ಎಲ್ಲಿ ಉಳೀತಿತ್ತು?" ಅಂತ ಕೇಳಿದೆ. ಅವರು ಎದ್ದು ಬಂದು ನಕ್ಷೆಯನ್ನು ನೋಡಲೇ ಇಲ್ಲ. ಕೆರೆ ಕಡೆ ಕೈ ತೋರಿಸಿ, "ಆ ಎರಡು ಜಾಲಿ ಗಿಡದ ಆಚೆ. ಈ ಕಡೆ ರಾಜಕಾಲುವೆಯಿಂದ ಮಣ್ಣು ಬಂದು ಬೀಳುತ್ತೆ, ನೀವು ತೆಗೆದ ವರ್ಷವೇ ಮುಚ್ಚಿಕೊಳ್ಳುತ್ತೆ" ಅಂದರು. ಎಂಜಿನಿಯರು ಅವರ ಜೊತೆ ನಡೆದು ಹೋಗಿ ನೋಡಿಕೊಂಡು ಬಂದರು. ತೋಡುವ ಜಾಗ ಬದಲಾಯಿತು. ಇನ್ನೊಂದು ಬದಲಾವಣೆಯೂ ಆಯಿತು: ತಾತ ಮಾತಾಡಿದ ಮೇಲೆ ಹಿಂದೆ ಕೂತಿದ್ದವರು ಒಬ್ಬೊಬ್ಬರಾಗಿ ಬಾಯಿ ಬಿಟ್ಟರು. ಸಮಿತಿಯಿಂದ ಶುರು ಮಾಡಿದ್ದರೆ ಅವರ ಸರದಿ ಬರುತ್ತಲೇ ಇರಲಿಲ್ಲ.

ಸಮಯದ ಮಾತೂ ಇಲ್ಲಿಯೇ ಬರುತ್ತದೆ. ನಮ್ಮ ಕಡೆ ಹೈನುಗಾರಿಕೆ ಜಾಸ್ತಿ. ಬೆಳಿಗ್ಗೆ, ಸಂಜೆ ಡೇರಿಗೆ ಹಾಲು ಹಾಕುವ ಹೊತ್ತಿನಲ್ಲಿ ಸಭೆ ಇಟ್ಟರೆ ಹೆಂಗಸರು ಬರುವುದಿಲ್ಲ, ಬಂದರೂ ನಡುವೆ ಎದ್ದು ಹೋಗುತ್ತಾರೆ. ಹತ್ತೂವರೆಗೆ ಶುರು, ಒಂದು ಗಂಟೆಗೆ ಮುಗಿತಾಯ ಅಂತ ಸ್ವಾಗತದಲ್ಲೇ ಹೇಳಿ, ಹೇಳಿದ ಹೊತ್ತಿಗೆ ಮುಗಿಸಬೇಕು.

ನಿಯಮ ಮೂರಿದ್ದರೆ ಸಾಕು

ಮೊಬೈಲ್ ಸೈಲೆಂಟಲ್ಲಿಡಿ, ಶಿಸ್ತು ಕಾಪಾಡಿ ಅನ್ನುವ ಉದ್ದದ ಪಟ್ಟಿ ಯಾರಿಗೂ ನೆನಪಿರುವುದಿಲ್ಲ. ಯಾವ ಜಗಳ ಬರುತ್ತದೆ ಅಂತ ನಮಗೆ ಮೊದಲೇ ಗೊತ್ತಿದೆಯೋ ಅದಕ್ಕೆ ಮಾತ್ರ ನಿಯಮ ಬೇಕು.

ಮೊದಲನೆಯದು, ಜಾಗದ ಹೆಸರು ಹೇಳಿ, ಮನುಷ್ಯರ ಹೆಸರು ಬೇಡ. "ಕೋಡಿ ಹತ್ತಿರ ಕಾಲುವೆ ಮುಚ್ಚಿದೆ" ಅನ್ನಿ. "ಅವನು ಮುಚ್ಚಿದ್ದಾನೆ" ಅಂದ ಕೂಡಲೇ ಅವನ ಅಣ್ಣ ತಮ್ಮಂದಿರು ಎದ್ದು ನಿಲ್ಲುತ್ತಾರೆ, ಕೆರೆ ಮರೆತುಹೋಗುತ್ತದೆ. ಎರಡನೆಯದು, ಈಗಿನ ವಿಷಯಕ್ಕೆ ಸೇರದ ಮಾತು ಬಂದರೆ ಅದನ್ನು ಗೋಡೆಯ ಹಾಳೆಯಲ್ಲಿ ಬರೆಯುತ್ತೇವೆ, ಆ ವಿಷಯದ ಸರದಿ ಬಂದಾಗ ಓದುತ್ತೇವೆ. ಹೇಳಿದವರ ಕಣ್ಣೆದುರಿಗೇ ಬರೆಯಬೇಕು. ಬರೆದದ್ದು ಕಂಡರೆ ಅವರು ಕೂರುತ್ತಾರೆ, ಇಲ್ಲದಿದ್ದರೆ ಅದನ್ನೇ ಮತ್ತೆ ಮತ್ತೆ ಹೇಳುತ್ತಾರೆ.

ಮೂರನೆಯದು ಸಹಿಯದು. ಇದಕ್ಕೆ ನಾನು ಜಾಸ್ತಿ ಸಮಯ ಕೊಡುತ್ತೇನೆ. ಹಳ್ಳಿಯ ಸಭೆಗಳಲ್ಲಿ ಜನ ಹಾಜರಾತಿಗೆ ಸಹಿ ಹಾಕಲು ಹಿಂದೆಮುಂದೆ ನೋಡುತ್ತಾರೆ. ಬರೀ ನಾಚಿಕೆ ಅಂದುಕೊಳ್ಳಬೇಡಿ. ಖಾಲಿ ಹಾಳೆಯಲ್ಲಿ ಸಹಿ ಹಾಕಿಸಿಕೊಂಡು, ಮೇಲೆ ತಮಗೆ ಬೇಕಾದ ಠರಾವು ಬರೆದುಕೊಂಡ ಅನುಭವ ಸುಮಾರು ಊರುಗಳಲ್ಲಿ ಇದೆ. ಹಾಗಾಗಿ ಹಾಜರಾತಿಗೆ ಬೇರೆ ಪುಸ್ತಕ, ಅದರ ಪ್ರತಿ ಪುಟದ ಮೇಲೆ "ಹಾಜರಿದ್ದವರು ಮಾತ್ರ" ಅಂತ ಮೊದಲೇ ಬರೆದಿರಬೇಕು. ನಡಾವಳಿ ಪುಸ್ತಕ ಬೇರೆ. ಪ್ರತಿ ತೀರ್ಮಾನ ಬರೆದು, ಜೋರಾಗಿ ಓದಿ, ಒಪ್ಪಿದ ಮೇಲೆ ಸಹಿ ಅಥವಾ ಹೆಬ್ಬೆಟ್ಟು. ಕೊನೆಯ ಸಾಲಿನ ಕೆಳಗೆ ಉಳಿದ ಖಾಲಿ ಜಾಗಕ್ಕೆ ಎಲ್ಲರೆದುರು ಅಡ್ಡಗೆರೆ ಎಳೆಯುವುದು. ಆ ಗೆರೆ ಎಳೆಯುತ್ತೇವೆ ಅಂತ ಸ್ವಾಗತದಲ್ಲೇ ಹೇಳಿದರೆ, ಪುಸ್ತಕ ಬಂದಾಗ ಪೆನ್ನು ಸಲೀಸಾಗಿ ಕೈಬದಲಾಗುತ್ತದೆ.

ಇಷ್ಟೆಲ್ಲವನ್ನೂ ಸೇರಿಸಿದರೆ ಭಾಷಣ ಎಷ್ಟು ಉದ್ದ ಆಗಬಹುದು ಅಂತ ಅನುಮಾನ ಬರಬಹುದು. ನಾನು ಹೇಳುವುದು ಹೆಚ್ಚುಕಡಿಮೆ ಹೀಗಿರುತ್ತದೆ:

"ಎಲ್ಲರಿಗೂ ನಮಸ್ಕಾರ. ಅಧ್ಯಕ್ಷರು, ಪಿಡಿಒ ಸಾಹೇಬ್ರು, ಎಂಜಿನಿಯರ್ ಸಾಹೇಬ್ರು, ಊರಿನ ಯಜಮಾನ್ರು, ಅಕ್ಕಂದಿರು, ಅಣ್ಣಂದಿರು, ಎಲ್ರೂ ಬಂದಿದೀರಿ, ಬಹಳ ಸಂತೋಷ. ಇವತ್ತು ವೇದಿಕೆ ಇಲ್ಲ, ಎಲ್ರೂ ಒಂದೇ ಸುತ್ತಲ್ಲಿ ಕೂತಿದೀವಿ. ನಮ್ಮ ಕೆರೆ 40 ಎಕರೆ. ನಮ್ಮ ಹತ್ರ ಇರೋ ದುಡ್ಡಿಗೆ ಒಂದು ಹಿಟಾಚಿ ಎರಡು ತಿಂಗಳು ಓಡುತ್ತೆ, ಒಂಬತ್ತು ಸಾವಿರ ಲೋಡ್ ಬರುತ್ತೆ. ಕೆರೆ ಪೂರ್ತಿ ಆಗಲ್ಲ. ಮೂರು ಅಡಿ ಆಳದಲ್ಲಿ ಏಳು ಎಕರೆ ಆಗುತ್ತೆ. ಆ ಏಳು ಎಕರೆ ಎಲ್ಲಿ ಅಂತ ನೀವು ಹೇಳಬೇಕು, ಅದಕ್ಕೇ ಈ ಸಭೆ. ಏರಿ ಬುಡ ಮುಟ್ಟಲ್ಲ, ಮರಳು ತೆಗೆಯಲ್ಲ, ಒತ್ತುವರಿ ತೆರವು ಮಾಡೋ ಅಧಿಕಾರ ನಮಗಿಲ್ಲ. ಅನುಮತಿ ಪತ್ರ ಇಲ್ಲಿದೆ, ಯಾರು ಬೇಕಾದ್ರೂ ಓದಬಹುದು. ಮೊದಲು ನೀರಿನ ದಾರಿ ಮಾತಾಡೋಣ, ಆಮೇಲೆ ತೋಡೋ ಜಾಗ, ಆಮೇಲೆ ಹೂಳು ಹಂಚೋದು, ಆಮೇಲೆ ಸಮಿತಿ ಮತ್ತೆ ಲೆಕ್ಕ, ಕೊನೆಗೆ ಸರ್ವೆ ಅರ್ಜಿ. ಹೂಳು ಹೊಲ ಇರೋರಿಗೆ ಹೋಗುತ್ತೆ, ಆದ್ರೆ ಕೆರೆ ಹೊಲ ಇಲ್ಲದೋರಿಗೂ ಬೇಕು. ಅದಕ್ಕೆ ತೋಡೋ ಜಾಗದ ಬಗ್ಗೆ ಮಾತಾಡುವಾಗ ದನ ಕುರಿ ಇರೋರು, ಮೀನಿನೋರು, ಬಟ್ಟೆ ಒಗೆಯೋರು ಮೊದಲು ಹೇಳ್ಲಿ. ಕನ್ನಡದಲ್ಲಾದ್ರೂ ಹೇಳಿ, ತೆಲುಗಲ್ಲಾದ್ರೂ ಹೇಳಿ. ಜಾಗದ ಹೆಸರು ಹೇಳಿ, ಜನದ ಹೆಸರು ಬೇಡ. ಬೇರೆ ವಿಷಯ ಬಂದ್ರೆ ಆ ಹಾಳೆಲಿ ಬರೀತೀವಿ. ಓದಿ ಹೇಳದೆ ಯಾರ ಸಹಿನೂ ತಗೊಳ್ಳಲ್ಲ, ಕೆಳಗಡೆ ಗೆರೆ ಎಳೀತೀವಿ. ಒಂದು ಗಂಟೆಗೆ ಮುಗಿಸ್ತೀವಿ. ತಾತ, ನೀವು ಶುರು ಮಾಡಿ."

ನಿಧಾನವಾಗಿ ಹೇಳಿದರೂ ನಾಲ್ಕೈದು ನಿಮಿಷ. ಉಳಿದ ಐದು ನಿಮಿಷ ಪ್ರಶ್ನೆಗೆ ಬಿಡಬೇಕು, ಯಾಕೆಂದರೆ "ಕೆರೆ ಪೂರ್ತಿ ಆಗಲ್ಲ" ಅಂದ ಕೂಡಲೇ ಗುಸುಗುಸು ಏಳುತ್ತದೆ. ಆಗ ಗುಣಾಕಾರವನ್ನು ಹಾಳೆಯ ಮೇಲೆ ದೊಡ್ಡದಾಗಿ ಬರೆದು ತೋರಿಸುತ್ತೇನೆ. ಟ್ರ್ಯಾಕ್ಟರ್ ಇರುವ ಹುಡುಗರು ಅಲ್ಲೇ ಲೆಕ್ಕ ಹಾಕಿ, ದಿನಕ್ಕೆ 150 ಆಗುತ್ತೋ ಇಲ್ಲವೋ ಅಂತ ವಾದ ಮಾಡುತ್ತಾರೆ. ಅವರ ವಾದ ಸರಿ ಇರುತ್ತದೆ. ದಾರಿ ಕಿರಿದಾಗಿದ್ದರೆ, ಖಾಲಿ ಟ್ರ್ಯಾಕ್ಟರು ತುಂಬಿದ ಟ್ರ್ಯಾಕ್ಟರಿಗೆ ಎದುರಾದರೆ, ಲೋಡು ನೂರಕ್ಕೆ ಇಳಿಯುತ್ತದೆ. ಆಗ ಏಳು ಎಕರೆ ಹೋಗಿ ನಾಲ್ಕೂವರೆ ಎಕರೆ ಆಗುತ್ತದೆ. ಹೋಗುವುದಕ್ಕೊಂದು ದಾರಿ, ಬರುವುದಕ್ಕೊಂದು ದಾರಿ ಮಾಡೋಣ ಅನ್ನುವ ಸಲಹೆ ಹೆಚ್ಚಾಗಿ ಈ ವಾದದಿಂದಲೇ ಹುಟ್ಟುತ್ತದೆ.

ಭಾಷಣದಿಂದ ಆಗದ ಕೆಲಸವೂ ಇದೆ. ಊರಿನಲ್ಲಿ ಮೊದಲೇ ಎರಡು ಬೀದಿಗಳ ನಡುವೆ ಮಾತು ನಿಂತಿದ್ದರೆ ಹತ್ತು ನಿಮಿಷದ ಮಾತು ಅದನ್ನು ಸರಿ ಮಾಡುವುದಿಲ್ಲ. ಅಂಥ ಕಡೆ ಸಭೆಗೆ ಮೊದಲು ಎರಡೂ ಬೀದಿಯಲ್ಲಿ ಬೇರೆಬೇರೆಯಾಗಿ ಕೂತು, ಇದೇ ಲೆಕ್ಕ, ಇದೇ ಸರದಿ ಹೇಳಿ ಬರುತ್ತೇವೆ. ಸಭೆ ದೇವಸ್ಥಾನದ ಮುಂದೆ ಇಟ್ಟರೆ ಒಂದು ಕೇರಿಯವರು ದೂರ ನಿಲ್ಲುತ್ತಾರೆ ಅಂತ ಗೊತ್ತಿದ್ದರೆ ಶಾಲೆಯ ಅಂಗಳದಲ್ಲೋ ಏರಿಯ ಮೇಲೋ ಇಡಬೇಕು. ಎಲ್ಲರಿಗೂ ಸ್ವಾಗತ ಅಂತ ಮೈಕಿನಲ್ಲಿ ಹೇಳಿ, ಕೂರುವ ಜಾಗವೇ ಕೆಲವರನ್ನು ಹೊರಗಿಟ್ಟರೆ ಆ ಮಾತಿಗೆ ಅರ್ಥ ಇಲ್ಲ.

ತಡವಾಗಿ ಬರುವ ಗಣ್ಯರದು ಇನ್ನೊಂದು ತೊಡಕು. ನಡುವೆ ಬಂದರೆ ಎದ್ದು ನಮಸ್ಕಾರ ಹೇಳಿ, ಕುರ್ಚಿ ಕೊಟ್ಟು, "ಎರಡನೇ ವಿಷಯದಲ್ಲಿದ್ದೇವೆ ಸಾರ್, ಇದು ಮುಗಿದ ಮೇಲೆ ನಿಮ್ಮ ಮಾತು" ಅನ್ನುತ್ತೇನೆ. ಮತ್ತೆ ಮೊದಲಿನಿಂದ ಸ್ವಾಗತ ಮಾಡುವುದಿಲ್ಲ. ಬೇಜಾರು ಮಾಡಿಕೊಂಡವರು ಕಡಿಮೆ. ಗೋಡೆಯ ಹಾಳೆಯಲ್ಲಿ ಅಂಕಿಗಳು ಕಾಣುತ್ತಿರುತ್ತವೆ, ಅವರೂ ಏಳು ಎಕರೆಯ ಬಗ್ಗೆಯೇ ಮಾತಾಡುತ್ತಾರೆ, ಮಾತು ಕೊಡುವುದಿದ್ದರೆ ಎಂಟನೇ ಎಕರೆಗೆ ಕೊಡುತ್ತಾರೆ.

ಸಭೆ ಮುಗಿದ ದಿನವೇ ನಡಾವಳಿಯ ಒಂದು ಪ್ರತಿ ಪಂಚಾಯ್ತಿಗೆ, ಒಂದು ಸಮಿತಿಗೆ, ಇನ್ನೊಂದನ್ನು ಡೇರಿಯ ಗೋಡೆಗೆ ಅಂಟಿಸುತ್ತೇವೆ. ಸಂಜೆ ಹಾಲು ಹಾಕಲು ಬಂದವರು ಓದುತ್ತಾರೆ, ಓದಲು ಬಾರದವರಿಗೆ ಪಕ್ಕದವರು ಹೇಳುತ್ತಾರೆ. ಸಭೆಗೆ ಬರದವರ ತಕರಾರು ಏನಿದ್ದರೂ ಒಂದೆರಡು ದಿನದಲ್ಲಿ ನಮ್ಮ ಕಿವಿಗೆ ಬೀಳುತ್ತದೆ. ಯಂತ್ರಕ್ಕೆ ದಿನ ಗೊತ್ತು ಮಾಡುವುದು ಆಮೇಲೆ.